ಪೇಷೆಂಟ್ ಕಡೆಯವರು ಯಾರು?

(ನರ್ಸಿಂಗ್ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಕೊನೆಯ ವರ್ಷದವರು ಈಗಾಗಲೇ ರಾತ್ರಿ ಪಾಳಿ ಮಾಡಿರುತ್ತೀರಿ. ಹಾಗಾಗಿ ಈ ಪ್ರಶ್ನೆ ನಿಮ್ಮ ಬಾಯಲ್ಲೇ ಎಷ್ಟೋ ಸಲ ಬಂದಿರುತ್ತದೆ: 'ಪೇಷೆಂಟ್ ಕಡೆಯವರು ಯಾರಿದ್ದೀರಿ?' ಔಷಧಿ ಚೀಟಿ ಕೊಡಬೇಕು, ರಕ್ತ ತರಿಸಬೇಕು, ಫಾರಂಗೆ ಸಹಿ ಹಾಕಿಸಬೇಕು. ಕಾರಿಡಾರಿನಲ್ಲಿ ಮಲಗಿದ್ದವರಲ್ಲಿ ಯಾರೋ ಒಬ್ಬರು ಎದ್ದು, ಚಪ್ಪಲಿ ಹುಡುಕಿಕೊಂಡು ಬರುತ್ತಾರೆ. ಗಂಡ, ಅಮ್ಮ, ಅಣ್ಣ, ಸೊಸೆ, ಯಾರೋ ಒಬ್ಬರು.

ಹದಿನೈದು ವರ್ಷದಿಂದ ನಾನು ಬೆಂಗಳೂರಿನ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಹಾಗೆ ಎದ್ದು ಬರುವವಳಾಗಿದ್ದೇನೆ. ಟ್ರಾನ್ಸ್‌ಜೆಂಡರ್ ಹೆಂಗಸರು, ಟ್ರಾನ್ಸ್ ಹುಡುಗರು, ಸಲಿಂಗ ಪ್ರೀತಿಯ ಜೋಡಿಗಳು, ಇವರಿಗೆ ಆಸ್ಪತ್ರೆಯಲ್ಲಿ ಜೊತೆಗಿರುವುದೇ ನನ್ನ ಕೆಲಸ. ನಾನೂ ಅದೇ ಸಮುದಾಯದವಳು. ನಾನು ಎದ್ದು ಬಂದ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ: 'ನೀವು ಅವರಿಗೆ ಏನಾಗಬೇಕು?' ಇವತ್ತು ನಾನು ಮಾತಾಡುವುದು ಈ ಎರಡನೇ ಪ್ರಶ್ನೆಯ ಬಗ್ಗೆ.

ಮೊದಲು ನಮ್ಮ ಮನೆ ಅಂದರೆ ಏನು ಅಂತ ಹೇಳುತ್ತೇನೆ. ನೀವು ಸಿಗ್ನಲ್‌ನಲ್ಲಿ, ಅಂಗಡಿ ಮುಂದೆ ನಮ್ಮನ್ನು ನೋಡಿರುತ್ತೀರಿ. ಮನೆಯೊಳಗೆ ನೋಡಿರುವುದಿಲ್ಲ. ಬೆಂಗಳೂರಿನಲ್ಲಿ ಹಿಜ್ರಾ ಸಮುದಾಯದ ಎಷ್ಟೋ ಮನೆಗಳು ಮೊದಲು ಹಮಾಮ್‌ಗಳಾಗಿದ್ದವು. ಹಮಾಮ್ ಎಂದರೆ ದುಡ್ಡು ಕೊಟ್ಟು ಬಿಸಿನೀರಿನ ಸ್ನಾನ ಮಾಡುವ ಜಾಗ. ಮುಂದೆ ಹಂಡೆ, ಒಲೆ, ಹಿಂದೆ ಎರಡು ಕೋಣೆ. ಅಲ್ಲೇ ನಮ್ಮವರು ದುಡಿದರು, ಅಲ್ಲೇ ಬದುಕಿದರು. ಈಗ ಬಾಡಿಗೆ ಮನೆಗಳೇ ಹೆಚ್ಚು.

ಮನೆಗೆ ಒಬ್ಬ ಗುರು ಇರುತ್ತಾರೆ. ಊರು ಬಿಟ್ಟು ಬಂದವಳು ಆ ಗುರುವಿಗೆ ಚೇಲಾ ಆಗುತ್ತಾಳೆ. ಸುಮ್ಮನೆ ಬಂದು ಇದ್ದುಬಿಟ್ಟರೆ ಆಗುವುದಿಲ್ಲ. ಹಿರಿಯರು ಸೇರಿದ ಜಮಾತಿನ ಮುಂದೆ ರೀತ್ ಆಗಬೇಕು, ಈಕೆ ಇಂಥ ಮನೆಯ, ಇಂಥ ಗುರುವಿನ ಚೇಲಾ ಎಂದು ಎಲ್ಲರ ಎದುರಿಗೆ ಹೆಸರು ಹೇಳಬೇಕು. ಅಲ್ಲಿಂದ ಮುಂದೆ ಗುರುವಿನ ಗುರು ಅವಳಿಗೆ ನಾನಿ. ಅದೇ ಗುರುವಿನ ಉಳಿದ ಚೇಲಾಗಳು ಗುರುಭಾಯಿಗಳು. ಹೆಂಗಸರಾದರೂ ಭಾಯಿ ಅಂತಲೇ ಕರೆಯುತ್ತೇವೆ, ಅದನ್ನು ಯಾಕೆ ಅಂತ ಕೇಳಬೇಡಿ, ನನಗೂ ಯಾರೂ ಹೇಳಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಸಂಬಂಧ ಇದೆ, ಅಮ್ಮ-ಮಗಳದ್ದು. ಇದಕ್ಕೂ ಗುರು-ಚೇಲಾ ಸಂಬಂಧಕ್ಕೂ ವ್ಯತ್ಯಾಸ ಇದೆ, ನೆನಪಿಟ್ಟುಕೊಳ್ಳಿ. ಗುರು-ಚೇಲಾ ಅಂದರೆ ಮನೆತನ, ಶಿಸ್ತು, ದುಡಿಮೆ, ಲೆಕ್ಕ. ಅಮ್ಮ-ಮಗಳು ಅಂದರೆ ಮನಸ್ಸಿಗೆ ಹಿಡಿಸಿದವರು. ಬೇರೆ ಮನೆಯ ಹಿರಿಯಳೊಬ್ಬಳು ಹಾಲು ಕುಡಿಸಿ ಮಗಳು ಮಾಡಿಕೊಳ್ಳಬಹುದು. ನನ್ನ ಗುರುವಿಗೆ ಐದು ಜನ ಚೇಲಾಗಳು, ಒಬ್ಬಳೇ ಮಗಳು. ಆ ಮಗಳು ನಮ್ಮ ಮನೆಯವಳೂ ಅಲ್ಲ, ಇನ್ನೊಬ್ಬರ ಚೇಲಾ. ಹೊರಗಿನವರಿಗೆ ಇದು ಗೋಜಲು ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ ಅಂತ ಇಲ್ಲವೇ? ಇಂಗ್ಲಿಷಿನವನು ಬಂದು 'ಎಲ್ಲರೂ ಆಂಟಿ ತಾನೆ' ಅಂದರೆ ನಿಮಗೆ ಹೇಗಾಗುತ್ತದೆ? ಹಾಗೆ.

ಉತ್ತರ ಕರ್ನಾಟಕದಿಂದ ಬಂದವರು ನಿಮ್ಮಲ್ಲಿದ್ದರೆ ಜೋಗಪ್ಪಗಳನ್ನು ನೋಡಿರುತ್ತೀರಿ. ಸವದತ್ತಿ ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿಕೊಂಡವರು. ಅವರದು ಬೇರೆ ದಾರಿ. ಮೈಮೇಲೆ ದೇವಿ ಬಂದಿದ್ದಾಳೆ ಎಂಬ ಕಾರಣಕ್ಕೆ ಹುಟ್ಟಿದ ಮನೆಯವರು ಕೆಲವೊಮ್ಮೆ ಪೂರ್ತಿ ಕೈಬಿಡುವುದಿಲ್ಲ, ಹಬ್ಬಕ್ಕೆ ಕರೆಯುತ್ತಾರೆ, ಕೈಗೆ ಕಾಯಿ ಕೊಡುತ್ತಾರೆ. ಆದರೂ ಹಾಡು ಕಲಿಸಿ, ಚೌಡಿಕೆ ಕೈಗೆ ಕೊಟ್ಟು, ಹೊಟ್ಟೆಗೆ ಹಾಕುವವರು ಹಿರಿಯ ಜೋಗತಿಯರೇ. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ಎಲ್ಲಿ ಮಾತಾಡಿದರೂ ತಮ್ಮ ಗುರು ಕಾಳವ್ವ ಜೋಗತಿಯವರ ಹೆಸರು ತೆಗೆಯುತ್ತಾರೆ. ಅದು ಸುಮ್ಮನೆ ಬರುವ ಹೆಸರಲ್ಲ.

ಸರಿ, ಆರೈಕೆ ಅಂತ ಬಾಯಲ್ಲಿ ಹೇಳುವುದು ಸುಲಭ. ಅದು ದಿನದ ಲೆಕ್ಕದಲ್ಲಿ ಏನು ಅಂತ ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ.

ನಮ್ಮ ಮನೆಯ ಒಬ್ಬ ಹುಡುಗಿ, ಇಪ್ಪತ್ತನಾಲ್ಕು ವರ್ಷ, ನಿರ್ವಾಣ ಮಾಡಿಸಿಕೊಂಡಳು. ನಿರ್ವಾಣ ಅಂದರೆ ಗಂಡಿನ ಜನನಾಂಗ ತೆಗೆಸುವ ಆಪರೇಷನ್. ಹಿಂದೆ ಇದನ್ನು ದಾಯಮ್ಮ ಎಂಬ ನಮ್ಮವರೇ ರಾತ್ರಿ ಹೊತ್ತು ಕತ್ತಿಯಲ್ಲಿ ಮಾಡುತ್ತಿದ್ದರು, ಅರಿವಳಿಕೆ ಇಲ್ಲದೆ. ಸತ್ತವರು ಸತ್ತರು, ಉಳಿದವರಿಗೆ ಹೊಸ ಜನ್ಮ. ಈಗ ಡಾಕ್ಟರ್ ಮಾಡುತ್ತಾರೆ. ಆದರೆ ಆ ಹುಡುಗಿಯನ್ನು ನಾಲ್ಕನೇ ದಿನಕ್ಕೆ ಮನೆಗೆ ಕಳಿಸಿದರು, ಮೂತ್ರದ ನಳಿಕೆ ಇನ್ನೂ ಹಾಗೇ ಇತ್ತು. ಅಲ್ಲಿಂದ ನಲವತ್ತು ದಿನ ಮನೆಯವರದ್ದು.

ನಲವತ್ತು ದಿನದ ಕಟ್ಟಳೆ ಹಳೆಯದು. ಬಾಣಂತಿಗೆ ಮಾಡಿದ ಹಾಗೆಯೇ. ಹೊರಗೆ ಕಾಲಿಡಬಾರದು, ಕನ್ನಡಿ ನೋಡಬಾರದು. ಕನ್ನಡಿಗೆ ಬಟ್ಟೆ ಮುಚ್ಚಿದ್ದೆವು. ಮಾತಾ ಪಟದ ಮುಂದೆ ದೀಪ ಹಚ್ಚಿಟ್ಟಿದ್ದೆವು. ಇಬ್ಬರು ಅಂಗಡಿಗಳ ಮುಂದೆ ದುಡ್ಡು ಕೇಳುವ ಕಲೆಕ್ಷನ್‌ಗೆ ಹೋಗುವುದು, ಇಬ್ಬರು ಮನೆಯಲ್ಲಿರುವುದು ಅಂತ ಗುರು ಪಾಳಿ ಹಾಕಿದರು. ಮನೆಯಲ್ಲಿರುವವರ ದಿನದ ದುಡಿಮೆ ಹೋಯಿತು, ಅದನ್ನು ಹೊರಗೆ ಹೋದವರು ತುಂಬಬೇಕು. ಆಸ್ಪತ್ರೆ ಬಿಲ್ಲಿನಲ್ಲಿ ಈ ಖರ್ಚು ಎಲ್ಲೂ ಬರುವುದಿಲ್ಲ.

ಒಬ್ಬಳ ಕೆಲಸ ಮೂತ್ರದ ಚೀಲ ನೋಡುವುದು. ತುಂಬುವ ಮೊದಲೇ ಖಾಲಿ ಮಾಡಬೇಕು, ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರಬೇಕು, ಬಣ್ಣ ಹೇಗಿದೆ ನೋಡಬೇಕು. ಇನ್ನೊಬ್ಬಳ ಕೆಲಸ ಡ್ರೆಸ್ಸಿಂಗ್ ಮತ್ತು ಅಡುಗೆ. ಮಲಬದ್ಧತೆ ಆದರೆ ಮುಕ್ಕಬೇಕಾಗುತ್ತದೆ, ಮುಕ್ಕಿದರೆ ಹೊಲಿಗೆಗೆ ಪೆಟ್ಟು. ಅದಕ್ಕೆ ಮಟನ್ ಸಾರಿನ ಜೊತೆ ಸೊಪ್ಪು, ಬಾಳೆಹಣ್ಣು ಕೊಡಲೇಬೇಕು ಅಂತ ನಾನು ಹಟ ಹಿಡಿದೆ. ನಮ್ಮ ನಾನಿಗೆ ಗಾಯದ ಮೇಲೆ ಬಿಸಿನೀರು ಹುಯ್ಯಬೇಕು ಅಂತ ಇತ್ತು, ಅವರ ಕಾಲದಲ್ಲಿ ಹಾಗೇ. ಡಾಕ್ಟರ್ ಹೊಲಿಗೆ ಒಣಗಿರಲಿ ಅಂದಿದ್ದರು. ಎರಡು ದಿನ ಜಗಳ ಆಯಿತು. ಕೊನೆಗೆ ಬಿಸಿನೀರಿನ ಶಾಸ್ತ್ರ ಪಾದಕ್ಕೆ ಮಾಡಿ ಮುಗಿಸಿದೆವು. ನಾನಿ ಒಪ್ಪಿಕೊಂಡರು ಅಂತಲ್ಲ, ಸುಮ್ಮನಾದರು.

ನೀವು ಗಮನಿಸಬೇಕಾದ್ದು ಮುಂದಿನದು. ನಳಿಕೆ ತೆಗೆದ ಮೇಲೆ ಎಲ್ಲ ಸರಿಯಿತ್ತು. ಹತ್ತೊಂಬತ್ತನೇ ದಿನ ಅವಳ ಗುರುಭಾಯಿ ನನಗೆ ಫೋನ್ ಮಾಡಿ, 'ಅಕ್ಕಾ, ಇವಳು ಬಾತ್‌ರೂಮಿಗೆ ಹೋದ್ರೆ ಬರೋದೇ ಇಲ್ಲ' ಅಂದಳು. ನೋವಿಲ್ಲ, ಜ್ವರ ಇಲ್ಲ. ಬಾಗಿಲಾಚೆ ನಿಂತು ಕೇಳಿದ್ದಾಳೆ. ಮೊದಲು ಧಾರೆಯಾಗಿ ಬೀಳುತ್ತಿದ್ದ ಸದ್ದು ಈಗ ತೊಟ್ಟಿಕ್ಕುವ ಸದ್ದು. ಆ ಆಪರೇಷನ್‌ನಲ್ಲಿ ಎಷ್ಟೋ ಸಲ ಆಗುವ ತೊಂದರೆಯೇ ಇದು, ಹೊಸ ಮೂತ್ರದ್ವಾರ ಗಾಯ ಮಾಯುತ್ತಾ ಮಾಯುತ್ತಾ ಕಿರಿದಾಗುವುದು. ಧಾರೆ ತೆಳುವಾಗುತ್ತದೆ, ಪಕ್ಕಕ್ಕೆ ಸಿಡಿಯುತ್ತದೆ, ಮುಕ್ಕಬೇಕಾಗುತ್ತದೆ, ಆಮೇಲೆ ಒಂದು ದಿನ ಪೂರ್ತಿ ನಿಲ್ಲುತ್ತದೆ. ದಾಯಮ್ಮಂದಿರ ಕಾಲದಲ್ಲಿ ಇದಕ್ಕೇ ಅಲ್ಲಿ ಒಂದು ಕಡ್ಡಿ ಇಡುತ್ತಿದ್ದರು, ಅಂದರೆ ತೊಂದರೆ ಅವರಿಗೂ ಗೊತ್ತಿತ್ತು. ಹುಡುಗಿಯನ್ನು ಮಾರನೇ ದಿನ ಕರೆದುಕೊಂಡು ಹೋದೆವು. ಡಾಕ್ಟರ್ ಹಿಗ್ಗಿಸಿದರು, ಕೆಲವು ದಿನ ಮತ್ತೆ ನಳಿಕೆ ಹಾಕಿದರು, ಉಳಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ರಾತ್ರೋರಾತ್ರಿ ಎಮರ್ಜೆನ್ಸಿಗೆ ಓಡಬೇಕಿತ್ತು.

ಬಾತ್‌ರೂಮಿನ ಸದ್ದು ಕೇಳಿಸಿಕೊಳ್ಳುವಷ್ಟು ಹತ್ತಿರ ಯಾರೋ ಇದ್ದರು. ಡಿಸ್ಚಾರ್ಜ್ ಸಾರಾಂಶದಲ್ಲಿ 'ತೊಂದರೆಯಿದ್ದರೆ ಬನ್ನಿ' ಅಂತ ಬರೆದಿರುತ್ತೀರಲ್ಲ, ತೊಂದರೆ ಅಂತ ಗೊತ್ತಾಗುವುದು ಹೀಗೆ.

ನಲವತ್ತನೇ ದಿನ ಅರಿಶಿನ ಹಚ್ಚಿ ನೀರು ಹಾಕಿ, ಹೊಸ ಸೀರೆ ಉಡಿಸಿ, ತಲೆ ಮೇಲೆ ಹಾಲಿನ ಕೊಡ ಇಟ್ಟೆವು. ಕನ್ನಡಿಯ ಬಟ್ಟೆ ತೆಗೆದೆವು. ಅವಳು ತುಂಬಾ ಹೊತ್ತು ನೋಡಿಕೊಂಡು, 'ಹುಬ್ಬು ಬೆಳೆದುಬಿಟ್ಟಿದೆ' ಅಂದಳು.

ಟ್ರಾನ್ಸ್ ಗಂಡಸರಿಗೆ ಈ ಏರ್ಪಾಡು ಇಲ್ಲ. ಗುರು ಇಲ್ಲ, ಜಮಾತ್ ಇಲ್ಲ, ಸಂಬಂಧಗಳಿಗೆ ನೂರಾರು ವರ್ಷದ ಹೆಸರುಗಳಿಲ್ಲ. ಹೆಣ್ಣುಮಗಳು ಅಂತ ಬೆಳೆಸಿದ ಮೇಲೆ ಮನೆಯಿಂದ ಹೊರಬರುವುದೇ ಕಷ್ಟ, ಬಂದರೂ ಎಲ್ಲಿಗೆ? ಪಿ.ಜಿ.ಗೆ, ಗೆಳೆಯನ ರೂಮಿಗೆ. ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಬ್ಬ ಹುಡುಗನಿಗೆ ಹದಿಮೂರು ಜನ ವಾಟ್ಸಾಪ್ ಗುಂಪು ಮಾಡಿಕೊಂಡು ಪಾಳಿ ಹಾಕಿದರು. ಎದೆಗೆ ಬಿಗಿ ಪಟ್ಟಿ, ಎರಡು ಕಡೆ ರಕ್ತ ಇಳಿಯುವ ನಳಿಕೆ. ಕೈ ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ, ಅಂದರೆ ತಲೆ ಬಾಚುವುದಕ್ಕೂ ಮೇಲಿನ ಶೆಲ್ಫಿನ ಲೋಟ ತೆಗೆಯುವುದಕ್ಕೂ ಇನ್ನೊಬ್ಬರು ಬೇಕು. ಮೊದಲ ವಾರ ಜನವೋ ಜನ, ಮೂರು ಮನೆಯಿಂದ ಬಿಸಿಬೇಳೆಬಾತು. ಹತ್ತನೇ ದಿನಕ್ಕೆ ಎಲ್ಲರ ರಜೆ ಮುಗಿಯಿತು. ನಾನು ಮಧ್ಯಾಹ್ನ ಹೋದಾಗ ಅವನು ಬಾಗಿಲ ಚಿಲಕ ತೆಗೆಯಲಾಗದೆ ಒಳಗಿಂದಲೇ ಅಳುತ್ತಿದ್ದ, ಚಿಲಕ ಬಾಗಿಲ ಮೇಲ್ತುದಿಯಲ್ಲಿತ್ತು. ಯಾರೂ ಕೆಟ್ಟವರಲ್ಲ. ಆದರೆ ಗೆಳೆತನಕ್ಕೆ ಕಟ್ಟಳೆ ಇರುವುದಿಲ್ಲ, ನಲವತ್ತು ದಿನ ಅಂತ ಎಣಿಸಿ ಇಟ್ಟವರಿರುವುದಿಲ್ಲ. ಅದಾದ ಮೇಲೆ ಆ ಹುಡುಗರು ಪಾಳಿಯನ್ನು ಹಿಂದಿನಿಂದ ತುಂಬುತ್ತಾರೆ. ಮೂರನೇ ವಾರಕ್ಕೆ ಮೊದಲು ಹೆಸರು, ಆಮೇಲೆ ಮೊದಲ ವಾರಕ್ಕೆ.

ಈಗ ಸಹಿಯ ವಿಷಯ. ನೀವು ದಿನಾ ಎದುರಿಸುವುದು ಇದನ್ನೇ.

ಪ್ರಜ್ಞೆ ಇರುವ, ವಯಸ್ಕ ರೋಗಿಯ ಆಪರೇಷನ್‌ಗೆ ಬೇಕಾದ ಒಪ್ಪಿಗೆ ಆ ರೋಗಿಯದ್ದು. ಸುಪ್ರೀಂ ಕೋರ್ಟ್ ಇದನ್ನು 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ಡಾಕ್ಟರ್ ಅವಳ ತಾಯಿಯ ಒಪ್ಪಿಗೆ ತೆಗೆದುಕೊಂಡಿದ್ದರು, ಅದು ಸಾಲದು ಅಂತ ಕೋರ್ಟ್ ಹೇಳಿತು. ಪ್ರಾಣಾಪಾಯ ಇದ್ದರೆ ಯಾರ ಸಹಿಗೂ ಕಾಯದೆ ಡಾಕ್ಟರ್ ಮುಂದುವರಿಯಬಹುದು. ಹಾಗಿದ್ದರೂ ಆಸ್ಪತ್ರೆಗಳು ರಕ್ತಸಂಬಂಧಿಯ ಸಹಿ ಕೇಳುತ್ತವೆ. ಯಾಕೆ ಕೇಳುತ್ತಾರೆ ಅಂತ ನನಗೆ ಅರ್ಥವಾಗುತ್ತದೆ. ನಾಳೆ ಗಲಾಟೆ ಮಾಡುವವರು ಅವರೇ, ಬಿಲ್ ಕಟ್ಟಬೇಕಾದವರು ಅವರೇ ಅನ್ನುವ ಅಂದಾಜು. ನಮ್ಮವರ ವಿಷಯದಲ್ಲಿ ಬಿಲ್ ಕಟ್ಟುವವಳು ಕಾರಿಡಾರಿನಲ್ಲಿ ಕೂತಿರುತ್ತಾಳೆ, ಸಹಿ ಹಾಕಬೇಕಾದವನು ಮುನ್ನೂರು ಕಿಲೋಮೀಟರ್ ದೂರದಲ್ಲಿ ಫೋನ್ ಎತ್ತುತ್ತಿರುವುದಿಲ್ಲ.

ಮನೋರೋಗ ಚಿಕಿತ್ಸೆಯಲ್ಲಿ ಕಾನೂನು ಇನ್ನೂ ಒಳ್ಳೆಯದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಒಬ್ಬ ವಯಸ್ಕರನ್ನು ತಮ್ಮ ಪರವಾಗಿ ಪ್ರತಿನಿಧಿ ಅಂತ ಹೆಸರಿಸಬಹುದು. ನೆಂಟರೇ ಆಗಬೇಕಿಲ್ಲ. ಬಿಳಿ ಹಾಳೆಯ ಮೇಲೆ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಬೇಕು. ಹೀಗೆ ಹೆಸರಿಸಿದವರು ಇದ್ದರೆ ಅವರಿಗೆ ರಕ್ತಸಂಬಂಧಿಗಿಂತ ಮೊದಲ ಸ್ಥಾನ. ಎಷ್ಟು ವಾರ್ಡುಗಳಲ್ಲಿ ಇದನ್ನು ಹೇಳಿ ಮೊದಲ ಸಲ ಕೇಳಿಸಿಕೊಂಡವರ ಮುಖ ನೋಡಿದ್ದೇನೋ ಲೆಕ್ಕವಿಲ್ಲ.

ಹಾಗಾಗಿ ನಿಮ್ಮಿಂದ ನಾನು ಕೇಳುವುದು ಒಂದು ಸಣ್ಣ ಕೆಲಸ. ರೋಗಿಗೆ ಪ್ರಜ್ಞೆ ಇರುವಾಗಲೇ, ಅಡ್ಮಿಷನ್ ಹೊತ್ತಿಗೇ ಕೇಳಿ: 'ನಿಮಗೇನಾದ್ರೂ ಆದ್ರೆ ಯಾರಿಗೆ ಹೇಳಬೇಕು? ಯಾರಿಗೆ ಹೇಳಬಾರದು?' ಎರಡನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ. ಎರಡನೆಯದು ಮುಖ್ಯ. ಆಧಾರ್ ಕಾರ್ಡಿನ ವಿಳಾಸ ನೋಡಿ ಊರಿಗೆ ಫೋನ್ ಮಾಡಿದ ಒಬ್ಬ ಸಿಬ್ಬಂದಿಯಿಂದ ಒಂದು ಮನೆಗೆ ಮಗ ಸೀರೆ ಉಡುತ್ತಾನೆ ಅನ್ನುವುದೂ ಎಚ್‌ಐವಿ ಇದೆ ಅನ್ನುವುದೂ ಒಂದೇ ಕರೆಯಲ್ಲಿ ಗೊತ್ತಾಗಿದೆ. ಒಪ್ಪಿಗೆಯಿಲ್ಲದೆ ಎಚ್‌ಐವಿ ವಿಷಯ ಬಿಟ್ಟುಕೊಡುವುದು 2017ರ ಎಚ್‌ಐವಿ ಕಾಯ್ದೆಯಲ್ಲಿ ತಪ್ಪು. ಆ ಸಿಬ್ಬಂದಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಮನೆಯವರಿಗೆ ಹೇಳಬೇಕಲ್ಲ ಅಂತ ಹೇಳಿದ್ದರು.

ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಗಳು ಈ ವಿಷಯದಲ್ಲಿ ವಾಸಿ. 2004ರಲ್ಲಿ ಸರ್ಕಾರ ಉಚಿತ ಮಾತ್ರೆ ಶುರು ಮಾಡಿದಾಗಿನಿಂದ, ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಲು ಜೊತೆಗೊಬ್ಬರನ್ನು ಕರೆತನ್ನಿ ಅನ್ನುತ್ತಾರೆ. ಚೇಲಾ ಬಂದರೂ ಗುರು ಬಂದರೂ ಕೌನ್ಸೆಲರ್ ಕೂರಿಸಿಕೊಂಡು ಮಾತಾಡುತ್ತಾರೆ. ಅಲ್ಲಿ ಬೇಕಾಗಿರುವುದು ರಾತ್ರಿ ಮಾತ್ರೆ ನೆನಪಿಸುವ ಜನ, ಅದಕ್ಕೆ ವಂಶವೃಕ್ಷ ಬೇಕಿಲ್ಲ.

ಕಾನೂನು ಹೊರಗೆ ಏನು ಹೇಳುತ್ತದೆ? 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಬಂದಾಗ ಕುಟುಂಬ ಅಂದರೆ ರಕ್ತ, ಮದುವೆ ಅಥವಾ ಕಾನೂನುಬದ್ಧ ದತ್ತು ಇವುಗಳಿಂದ ಆದ ಸಂಬಂಧ ಅಂತ ಬರೆದರು. 12ನೇ ಸೆಕ್ಷನ್‌ನಲ್ಲಿ ಹುಟ್ಟಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟರು, ಒಳ್ಳೆಯದೇ. ಮನೆಯವರಿಗೆ ನೋಡಿಕೊಳ್ಳಲು ಆಗದಿದ್ದರೆ? ನ್ಯಾಯಾಲಯ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು. ಮನೆ, ಇಲ್ಲದಿದ್ದರೆ ಕೇಂದ್ರ. ಮಧ್ಯದಲ್ಲಿ ನಲವತ್ತು ದಿನ ಎಣಿಸುವ ಗುರು ಇದ್ದಾರೆ ಎನ್ನುವುದು ಬರೆದವರಿಗೆ ಹೊಳೆಯಲೇ ಇಲ್ಲ.

2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಬೇರೆ ಮಾತು ಹೇಳಿತು. ಒಬ್ಬ ಹೆಣ್ಣುಮಗಳನ್ನು ಮನೆಯವರು ಕೂಡಿಹಾಕಿದ್ದರು, ಅವಳ ಸಂಗಾತಿ ಹೆಣ್ಣುಮಗಳು, ಕೂಡಿಹಾಕಿದವಳನ್ನು ಕೋರ್ಟಿನ ಮುಂದೆ ತರಿಸಿ ಅಂತ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದಳು. ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ಆಯ್ದುಕೊಂಡ ಕುಟುಂಬ ಎಂಬುದೂ ಇದೆ ಅಂತ ಪೀಠ ಹೇಳಿ ಅವಳನ್ನು ಬಿಡಿಸಿತು. ತಮಿಳುನಾಡಿನ ತೀರ್ಪು, ನಮ್ಮ ಹೈಕೋರ್ಟ್ ಅದನ್ನು ಪಾಲಿಸಲೇಬೇಕು ಅಂತಿಲ್ಲ. ಆದರೆ ವಕೀಲರು ಎತ್ತಿ ತೋರಿಸಬಹುದಾದ ಒಂದು ಹಾಳೆ ಸಿಕ್ಕಿತು.

ಹಾಳೆ ಅಂದಾಗ ನೆನಪಾಯಿತು. ಸಾವಿನ ವಿಷಯ ಹೇಳುತ್ತೇನೆ.

ನಮ್ಮಲ್ಲಿ ಗುರು ತೀರಿಕೊಂಡರೆ ಚೇಲಾಗಳು ಬಳೆ ತೆಗೆದು ಬಿಳಿ ಸೀರೆ ಉಡುತ್ತಾರೆ. ಗಂಡ ಸತ್ತ ಹೆಂಗಸಿನ ಹಾಗೆ. ನಲವತ್ತನೇ ದಿನ ರೋಟಿ ಅಂತ ಮಾಡಿ ಎಲ್ಲರಿಗೂ ಊಟ ಹಾಕುತ್ತಾರೆ. ಇಷ್ಟೆಲ್ಲ ಶೋಕದ ಕ್ರಮ ನಮಗಿದೆ. ಆದರೆ ಶವ ಕೈಗೆ ಸಿಗಬೇಕಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಒಬ್ಬ ಗುರುಭಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹನ್ನೊಂದು ದಿನ ನಾವೇ ಪಾಳಿಯಲ್ಲಿ ನೋಡಿದ್ದೆವು, ಬಾಯಿಗೆ ಹತ್ತಿಯಲ್ಲಿ ನೀರು ಹಿಂಡಿದ್ದೆವು. ಶವಾಗಾರದಲ್ಲಿ ರಕ್ತಸಂಬಂಧಿ ಬೇಕು ಅಂದರು. ಎರಡು ದಿನ ಕಳೆದ ಮೇಲೆ ಅಣ್ಣ ಬಂದ. ಹದಿನೇಳು ವರ್ಷ ಕಂಡಿರಲಿಲ್ಲ. ಅವನೂ ಅತ್ತ, ಸುಳ್ಳು ಹೇಳಲಾರೆ. ಆದರೆ ಊರಿಗೆ ಹಾಗೆ ಒಯ್ಯಲಾಗುವುದಿಲ್ಲ ಅಂತ ಕೂದಲು ಕತ್ತರಿಸಿಸಿದ, ಪಂಚೆ ಶರ್ಟು ಹಾಕಿಸಿದ, ನಾವು ಯಾರೂ ಕೇಳಿರದ ಒಂದು ಹೆಸರಿನಲ್ಲಿ ಮಣ್ಣು ಮಾಡಿದರಂತೆ. ಅವಳ ಮೂಗುಬೊಟ್ಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಅದಕ್ಕೆ ಅವನಿಗೆ ಋಣಿ.

2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದಿದೆ. ಹತ್ತಿರದ ಬಂಧುಗಳು ಇಲ್ಲದಿದ್ದಾಗ ಸಂಗಾತಿಗೆ ಶವ ಕೊಡಬಹುದು ಅಂತ. ಸಲಿಂಗ ಮದುವೆಯ ಮೊಕದ್ದಮೆಯಲ್ಲಿ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ, ಆದರೆ ಇಂಥ ವಿಷಯ ನೋಡಲು ಸಮಿತಿ ಮಾಡಿ ಅಂದಿತ್ತು, ಅದರ ಫಲ ಇದು. ಅದೇ ತಿಂಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಅಂತಲೂ ಸ್ಪಷ್ಟ ಮಾಡಿದರು. ಗಮನಿಸಿ, ಪತ್ರ 'ಸಂಗಾತಿ' ಅನ್ನುತ್ತದೆ. ಗುರುಭಾಯಿ ಸಂಗಾತಿಯಲ್ಲ. ಅಣ್ಣ ಬಂದರೆ ಈಗಲೂ ಅಣ್ಣನಿಗೇ.

ಹಾಗಾಗಿ ನಾನು ಈಗ ಎಲ್ಲರಿಗೂ ಒಂದು ಪ್ಲಾಸ್ಟಿಕ್ ಕವರ್ ಮಾಡಿಸುತ್ತೇನೆ. ಬೀರುವಿನಲ್ಲಿ ಸೀರೆ ಕೆಳಗೆ ಬಚ್ಚಿಡುವುದಕ್ಕಲ್ಲ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕುವುದಕ್ಕೆ. ಅದರಲ್ಲಿ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ, ಆಧಾರ್ ನಕಲು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಆಗಲೇ ಹೇಳಿದ ಬಿಳಿ ಹಾಳೆ, ಯಾರಿಗೆ ಹೇಳಬೇಕು-ಹೇಳಬಾರದು ಅನ್ನುವ ಪತ್ರ. ಆಸ್ತಿ ಅಂತ ಏನಾದರೂ ಇದ್ದರೆ ಉಯಿಲು. ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಾಮಿನಿ ಮಾಡಿದ್ದೀನಲ್ಲ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾಮಿನಿ ಹಣ ಕೈಗೆ ತೆಗೆದುಕೊಳ್ಳುವವರು ಅಷ್ಟೆ, ಆಮೇಲೆ ವಾರಸುದಾರರು ಬಂದು ಕೇಳಿದರೆ ಕೊಡಬೇಕಾಗುತ್ತದೆ. ಉಯಿಲು ಇಲ್ಲದಿದ್ದರೆ ವಾರಸುದಾರ ಅಂದರೆ ಮತ್ತೆ ಅದೇ ಅಣ್ಣ.

ಇಷ್ಟು ಕೇಳಿ ನಮ್ಮ ಮನೆಗಳೆಲ್ಲ ಸ್ವರ್ಗ ಅಂದುಕೊಳ್ಳಬೇಡಿ. ಗುರು ಆಪರೇಷನ್‌ಗೆ ದುಡ್ಡು ಕೊಟ್ಟರೆ ಅದು ಸಾಲ. ಎಷ್ಟೋ ಹುಡುಗಿಯರು ವರ್ಷಗಟ್ಟಲೆ ಕಲೆಕ್ಷನ್ ಮಾಡಿ, ಸೆಕ್ಸ್ ವರ್ಕ್ ಮಾಡಿ ತೀರಿಸುತ್ತಾರೆ. ಗುರು ಬೇಡ ಅನ್ನಿಸಿ ಬೇರೆ ಮನೆಗೆ ಹೋಗಬೇಕೆಂದರೆ ಹೊಸ ಗುರು ಹಳೇ ಗುರುವಿಗೆ ಹಣ ಕಟ್ಟಬೇಕು, ಬದಲಾಯಿಸಿದಷ್ಟೂ ಮೊತ್ತ ಏರುತ್ತದೆ. ತಪ್ಪು ಮಾಡಿದಳು ಅಂತ ಜಮಾತ್ ತೀರ್ಮಾನಿಸಿದರೆ ದಂಡ, ಅದಕ್ಕೂ ಬಗ್ಗದಿದ್ದರೆ ಹುಕ್ಕಾ-ಪಾನಿ ಬಂದ್. ಯಾರೂ ಮಾತಾಡಿಸುವಂತಿಲ್ಲ, ನೀರು ಕೊಡುವಂತಿಲ್ಲ. ಒಂದು ಸಲ ಮನೆ ಬಿಟ್ಟು ಬಂದವಳಿಗೆ ಎರಡನೇ ಸಲ ಅದೇ ಆದರೆ ಹೇಗಿರುತ್ತದೆ ಯೋಚಿಸಿ. ನೀವು ಆಸ್ಪತ್ರೆಯಲ್ಲಿ 'ಕಡೆಯವರು' ಅಂತ ನಿಂತವರನ್ನು ನಂಬುವ ಮೊದಲು ರೋಗಿಯನ್ನು ಒಬ್ಬಳೇ ಇರುವಾಗ ಕೇಳಿ ಅಂತ ನಾನು ಹೇಳುವುದು ಇದಕ್ಕೂ ಸೇರಿ. ಗುರು ಎದುರಿಗಿದ್ದಾಗ ಕೇಳಿದರೆ ಉತ್ತರ ಒಂದೇ ಬರುತ್ತದೆ.

ಕೋರ್ಟು ನಮ್ಮ ಸಂಪ್ರದಾಯ ಒಪ್ಪಿದಾಗಲೂ ಅದು ಎರಡೂ ಕಡೆ ಕೊಯ್ಯುತ್ತದೆ. 1990ರಲ್ಲಿ ಮಧ್ಯಪ್ರದೇಶ ಹೈಕೋರ್ಟಿನ ಮುಂದೆ ಒಬ್ಬ ಹಿಜ್ರಾ ಬರೆದಿಟ್ಟ ಉಯಿಲು ಬಂತು, ಆಸ್ತಿಯನ್ನು ಹೊರಗಿನವನಿಗೆ ಬರೆದಿದ್ದರು. ಸಮುದಾಯದ ಪದ್ಧತಿ ಪ್ರಕಾರ ಆಸ್ತಿ ಒಳಗೇ ಉಳಿಯಬೇಕು, ಉಯಿಲು ನಡೆಯುವುದಿಲ್ಲ ಅಂತ ಕೋರ್ಟ್ ಹೇಳಿತು. ಗುರು-ಚೇಲಾ ಸಂಬಂಧಕ್ಕೆ ಬೆಲೆ ಸಿಕ್ಕಿತು ಅಂತ ಎಲ್ಲರೂ ಉದಾಹರಿಸುತ್ತಾರೆ. ಸತ್ತವರ ಇಷ್ಟಕ್ಕೆ ಬೆಲೆ ಸಿಕ್ಕಿತೇ ಅಂತ ನಾನು ಕೇಳುತ್ತೇನೆ.

ಹುಟ್ಟಿದ ಮನೆಯವರನ್ನೂ ಒಂದೇ ಗುಡ್ಡೆಗೆ ಹಾಕಲಾಗುವುದಿಲ್ಲ. ಹೊಡೆದು ಓಡಿಸಿದವರಿದ್ದಾರೆ, ಕೋಣೆಯಲ್ಲಿ ಕೂಡಿಹಾಕಿದವರಿದ್ದಾರೆ. ನನ್ನ ಅಮ್ಮನ ಹಾಗೆ ಬೇಕು ಅಂದರೂ ಮಾಡಲಾಗದವರೂ ಇದ್ದಾರೆ. ಹರಿಹರದ ಹತ್ತಿರ ನಮ್ಮ ಹಳ್ಳಿ. ತಂಗಿ ಮದುವೆ ಆಗುವವರೆಗೆ ಬರಬೇಡ ಅಂದಳು, ಆಮೇಲೆ ತಂಗಿಯ ಅತ್ತೆಮನೆಯವರಿಗೆ ಗೊತ್ತಾಗುವುದು ಬೇಡ ಅಂದಳು, ಈಗ ಮೊಮ್ಮಕ್ಕಳು ದೊಡ್ಡವರಾಗಿದ್ದಾರೆ ಅನ್ನುತ್ತಾಳೆ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮಿಸ್ಡ್ ಕಾಲ್ ಕೊಡುತ್ತಾಳೆ. ವರ್ಷಕ್ಕೆ ಎರಡು ಸಲ ಶೇಂಗಾ ಚಟ್ನಿಪುಡಿ, ಕೆಂಪು ಮೆಣಸಿನಕಾಯಿ, ಒಮ್ಮೊಮ್ಮೆ ಖಡಕ್ ರೊಟ್ಟಿ ಬಸ್ಸಿನಲ್ಲಿ ಪಾರ್ಸೆಲ್ ಬರುತ್ತದೆ, ನನ್ನ ಗುರುವಿನ ಹೆಸರಿಗೆ. ನನ್ನ ಹೊಸ ಹೆಸರು ಬರೆಯಲು ಅವಳಿಗೆ ಕೈ ಬರುವುದಿಲ್ಲ, ಹಳೆಯದನ್ನು ಬರೆದರೆ ನನಗೆ ನೋವು ಅಂತ ಗೊತ್ತು. ಅದಕ್ಕೆ ಮೂರನೆಯದು. ನನಗೆ ಟೈಫಾಯ್ಡ್ ಆದಾಗ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡಿದರಂತೆ. ಗಂಜಿಗೆ ಬೆಳ್ಳುಳ್ಳಿ ಹಾಕಿದರೆ ನಾನು ತಿನ್ನುವುದಿಲ್ಲ ಅಂತ ಗುರುವಿಗೆ ಹೇಳಿಕೊಟ್ಟವಳು ಅಮ್ಮನೇ.

ಈಗ ಗುರುವಿಗೆ ಎಪ್ಪತ್ತರ ಹತ್ತಿರ ವಯಸ್ಸು. ಸಕ್ಕರೆ ಕಾಯಿಲೆ, ಮಂಡಿ ನೋವು. ಹೋದ ತಿಂಗಳು ಕಾಲಿನ ಹುಣ್ಣಿಗೆ ಅಡ್ಮಿಟ್ ಮಾಡಿದೆವು. ಹೆಬ್ಬೆರಳು ತೆಗೆಯಬೇಕಾಗಬಹುದು ಅಂದಿದ್ದರು, ಕೊನೆಗೆ ಉಳಿಯಿತು. ಹೆಂಗಸರ ವಾರ್ಡಿನಲ್ಲೇ ಹಾಸಿಗೆ ಕೊಟ್ಟರು, ಪಕ್ಕದ ಹಾಸಿಗೆಯ ಅಜ್ಜಿ ಮೊದಲ ದಿನ ಮುಖ ತಿರುಗಿಸಿಕೊಂಡಿದ್ದರು, ಮೂರನೇ ದಿನ ಎಲೆಅಡಿಕೆ ಕೇಳಿದರು. ಅಡ್ಮಿಷನ್ ಕೌಂಟರಿನಲ್ಲಿ ಚಿಕ್ಕ ವಯಸ್ಸಿನ ಹುಡುಗ ಕಂಪ್ಯೂಟರ್ ಮುಂದೆ ಕೂತಿದ್ದ. ರೋಗಿಗೂ ನಿಮಗೂ ಸಂಬಂಧ ಏನು ಅಂದ. ಚೇಲಾ ಅಂದೆ. ಅವನು ತಲೆ ಎತ್ತಿದ. 'ಅದು ಲಿಸ್ಟಲ್ಲಿ ಬರಲ್ಲ ಮೇಡಂ, ಮಗಳು ಅಂತ ಹಾಕ್ಲಾ?' ಒಳ್ಳೆಯ ಹುಡುಗ, ಸಹಾಯ ಮಾಡಲಿಕ್ಕೇ ಕೇಳಿದ್ದು. ನಾನು ಹೂಂ ಅನ್ನುವಷ್ಟರಲ್ಲಿ ಹಿಂದೆ ಗಾಲಿಕುರ್ಚಿಯಲ್ಲಿದ್ದ ಗುರು ಕೂಗಿದರು.

'ಏ, ಮಗಳು ಇವಳಲ್ಲಪ್ಪಾ. ಮಗಳು ಊಟ ತರೋಕೆ ಹೋಗಿದಾಳೆ.'